ಅಜ್ಜಿಯ ಬಾಯಲ್ಲಿ ಮುಕ್ಕಾಲು ಮಗ್ಗಿ

ತರಕಾರಿ ಗಾಡಿಯವನು ಕ್ಯಾಲ್ಕುಲೇಟರ್ ಒತ್ತಿ ‘274 ರೂಪಾಯಿ’ ಅಂದ. ಕೊನೆಯ ಕೊತ್ತಂಬರಿ ಕಟ್ಟು ಚೀಲಕ್ಕೆ ಬೀಳುವ ಹೊತ್ತಿಗೇ ಅಜ್ಜಿಯ ಲೆಕ್ಕ ಮುಗಿದಿತ್ತು. ‘211 ಆಗತ್ತೆ ತಮ್ಮಾ, ಕ್ಯಾರೆಟ್ ಇನ್ನೊಂದ್ಸಲ ಒತ್ತು’ ಅಂದರು. ಅವನು ಕ್ಯಾರೆಟ್ಟಿನ 18 ಒತ್ತುವಲ್ಲಿ 81 ಒತ್ತಿದ್ದ.

ಶಿವಮೊಗ್ಗದ ಆ ಅಜ್ಜಿಗೆ ಎಂಬತ್ತು ದಾಟಿದೆ. 1957ರ ಏಪ್ರಿಲ್‌ನಲ್ಲಿ ನಯಾಪೈಸೆ ಬರುವ ಮುಂಚೆ, ರೂಪಾಯಿಗೆ 16 ಆಣೆ ಇದ್ದ ಕಾಲದಲ್ಲಿ ಮಗ್ಗಿ ಕಲಿತವರು. ಆಗ ಮಕ್ಕಳು ಬರೀ ಎರಡರ, ಮೂರರ ಮಗ್ಗಿಗೆ ನಿಲ್ಲುತ್ತಿರಲಿಲ್ಲ. ಕಾಲು, ಅರೆ, ಮುಕ್ಕಾಲು, ಒಂದೂವರೆ ಮಗ್ಗಿಗಳನ್ನೂ ಬಾಯಿಪಾಠ ಮಾಡುತ್ತಿದ್ದರು. ಹದಿನಾರನ್ನು ಅರ್ಧ ಮಾಡುತ್ತ ಹೋದರೆ ಎಂಟು, ನಾಲ್ಕು, ಎರಡು, ಒಂದು. ಎಲ್ಲೂ ಚಿಲ್ಲರೆ ಉಳಿಯುವುದಿಲ್ಲ. ಆಣೆ ಹೋಯಿತು, ಅರ್ಧ ಮಾಡುವ ಅಭ್ಯಾಸ ಉಳಿಯಿತು. ತರಕಾರಿಯನ್ನು ಜನ ಇವತ್ತಿಗೂ ಕೇಳುವುದು ಕಾಲು, ಅರ್ಧ, ಮುಕ್ಕಾಲು ಕಿಲೋ ಲೆಕ್ಕದಲ್ಲೇ ಅಲ್ಲವೆ?

ಅವತ್ತಿನ ವ್ಯಾಪಾರವನ್ನೇ ನೋಡಿ. ಕಿಲೋಗೆ 64ರ ಬೀನ್ಸು ಮುಕ್ಕಾಲು ಕಿಲೋ. ಕ್ಯಾಲ್ಕುಲೇಟರಿನಲ್ಲಾದರೆ 64, ಗುಣಾಕಾರ, ಸೊನ್ನೆ, ಚುಕ್ಕಿ, 75 ಎಂದೆಲ್ಲ ಒತ್ತಬೇಕು. ಅಜ್ಜಿ 64ರ ಕಾಲುಭಾಗ 16 ಕಳೆದು 48 ಅಂದರು. ಟೊಮ್ಯಾಟೊ 28ರಂತೆ ಒಂದೂವರೆ ಕಿಲೋ: 28ಕ್ಕೆ ಅದರ ಅರ್ಧ 14 ಸೇರಿ 42. ಮೊತ್ತ 90. ಎರಡು ಕಿಲೋ ಈರುಳ್ಳಿಗೆ 70, ಅಲ್ಲಿಗೆ 160. ಅರ್ಧ ಕಿಲೋ ಬದನೆಗೆ 23, ಕಾಲು ಕಿಲೋ ಕ್ಯಾರೆಟ್ಟಿಗೆ 18, ಕೊತ್ತಂಬರಿಗೆ 10. ಅವರ ವೇಗದ ಗುಟ್ಟು ಇಲ್ಲೇ ಇದೆ. ಒಂದೊಂದು ತರಕಾರಿ ತಕ್ಕಡಿಯಿಂದ ಇಳಿಯುವಾಗಲೇ ಅದರ ಬೆಲೆ ಹಿಂದಿನ ಮೊತ್ತಕ್ಕೆ ಸೇರಿಬಿಡುತ್ತದೆ. ಗಾಡಿಯವನು ಲೆಕ್ಕ ಶುರು ಮಾಡುವುದು ಎಲ್ಲ ತೂಗಿದ ಮೇಲೆ.

ತಪ್ಪು ಕ್ಯಾರೆಟ್ಟಿನಲ್ಲೇ ಇದೆಯೆಂದು ಗೊತ್ತಾದದ್ದು ಹೇಗೆ? ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ತಂದೆಯಿಂದ ಕಲಿತದ್ದು ಅದು. ಎರಡು ಮೊತ್ತಗಳ ವ್ಯತ್ಯಾಸ 63. ಅದು ಒಂಬತ್ತರ ಮಗ್ಗಿಯಲ್ಲಿ ಬಂದರೆ, ಯಾವುದೋ ಸಂಖ್ಯೆಯ ಅಂಕಿಗಳು ಹಿಂದುಮುಂದಾಗಿವೆ ಎಂಬ ಗುಮಾನಿ ಹುಟ್ಟುತ್ತದೆ. ಒಂಬತ್ತೇಳಲಿ ಅರವತ್ಮೂರು; ಅಂದಮೇಲೆ ಆ ಎರಡು ಅಂಕಿಗಳ ನಡುವಿನ ಅಂತರ 7. ಹಾಗಿರುವುದು 18 ಮತ್ತು 70 ಮಾತ್ರ. 70 ತಿರುಗಿ 07 ಆಗಿದ್ದರೆ ಮೊತ್ತ ಇಳಿಯಬೇಕಿತ್ತು. ಏರಿದೆ, ಹಾಗಾಗಿ 18. ವ್ಯತ್ಯಾಸ ಬರೀ 10 ಆಗಿದ್ದರೆ ಅವರು ಕೊತ್ತಂಬರಿ ಎರಡು ಸಲ ಸೇರಿತೇ ಎಂದು ಕೇಳುತ್ತಿದ್ದರು.

ಅಜ್ಜಿಗೆ ತೊಡಕಾಗುವುದು ಎಲೆಕ್ಟ್ರಾನಿಕ್ ತಕ್ಕಡಿ. ಕಿಲೋಗೆ 50ರ ತರಕಾರಿ 640 ಗ್ರಾಂ ತೂಗಿದರೆ ಅರ್ಧ ಕಿಲೋಗೆ 25, ನೂರು ಗ್ರಾಂಗೆ 5, ನಲವತ್ತಕ್ಕೆ 2 ಎಂದು ಒಡೆದು 32 ಅನ್ನುತ್ತಾರೆ. 43ರ ಹಾಗಲಕಾಯಿ 685 ಗ್ರಾಂ ಎಂದು ತೋರಿಸಿದರೆ ಮಾತ್ರ ಕ್ಯಾಲ್ಕುಲೇಟರೇ ಮುಂದು. ಆಗ ಅವರು ಲೆಕ್ಕದ ಬದಲು ತೂಕವನ್ನೇ ಸರಿಪಡಿಸಿಕೊಳ್ಳುತ್ತಾರೆ: ‘ಇನ್ನೊಂದು ಕಾಯಿ ಹಾಕಿ ಮುಕ್ಕಾಲು ಮಾಡು ತಮ್ಮಾ, ಮೂವತ್ತೆರಡೂ ಕಾಲು.’