ಒಂದು ಹನಿ ಹಳದಿ, ಹತ್ತು ಚದರ ಮೀಟರ್ ನೊರೆ

ಒಂದು ಮೊಟ್ಟೆ ಒಡೆದು ಹಳದಿಯನ್ನು ಬೇರೆ ಮಾಡಿದರೆ ಬೋಗುಣಿಯಲ್ಲಿ ಉಳಿಯುವುದು ಸುಮಾರು 30 ಗ್ರಾಂ ಬಿಳಿ ಲೋಳೆ. ಅದರಲ್ಲಿ ಹತ್ತಿರ ಹತ್ತಿರ 27 ಗ್ರಾಂ ಬರೀ ನೀರು! ಮಿಕ್ಕ ಮೂರು ಗ್ರಾಂ ಹೆಚ್ಚೂಕಡಿಮೆ ಎಲ್ಲವೂ ಪ್ರೋಟೀನ್. ಹಿಟ್ಟಿಲ್ಲ, ಅಂಟಿಲ್ಲ, ಒಲೆಯ ಬಿಸಿಯೂ ಇಲ್ಲ. ಬೀಟರ್ ಇಳಿಸಿ ಕೆಲವು ನಿಮಿಷ ತಿರುಗಿಸಿ ನೋಡಿ. ಮೊದಲು ಸೋಪಿನ ನೀರಿನಂಥ ದೊಡ್ಡ ಗುಳ್ಳೆಗಳು ಬರುತ್ತವೆ, ಅವು ಸಣ್ಣದಾಗುತ್ತ ಹಾಲಿನ ಬಿಳುಪಿಗೆ ತಿರುಗುತ್ತವೆ, ಆಮೇಲೆ ಬೀಟರಿನ ಕಡ್ಡಿಗಳು ಹೋದ ದಾರಿ ಗೆರೆಯಾಗಿ ಉಳಿಯತೊಡಗುತ್ತದೆ. ಬೀಟರ್ ಎತ್ತಿದರೆ ಒಂದು ಮೊನೆ ಎದ್ದು ತುದಿ ಬಾಗುತ್ತದೆ. ಬೇಕರಿಯವರು ಇದನ್ನು ಸಾಫ್ಟ್ ಪೀಕ್ ಎನ್ನುತ್ತಾರೆ. ಇನ್ನೂ ಸ್ವಲ್ಪ ಹೊಡೆದರೆ ಮೊನೆ ಬಾಗದೆ ನೆಟ್ಟಗೆ ನಿಲ್ಲುತ್ತದೆ: ಸ್ಟಿಫ್ ಪೀಕ್. ಬೋಗುಣಿಯನ್ನು ತಲೆಕೆಳಗಾಗಿ ಹಿಡಿದರೂ ಬೀಳುವುದಿಲ್ಲ. ನೂರರಲ್ಲಿ ತೊಂಬತ್ತು ಪಾಲು ನೀರಾಗಿದ್ದ ವಸ್ತು, ಗಾಳಿಯೊಂದನ್ನೇ ಸೇರಿಸಿಕೊಂಡು ನಿಂತಿದೆ!

ಅದರೊಳಗೆ ಏನು ನಡೆದಿದೆ ಎಂದು ಲೆಕ್ಕ ಹಾಕಿದರೆ ಉಸಿರು ಹಿಡಿದಂತಾಗುತ್ತದೆ. ಎರಡು ಚಮಚದಷ್ಟಿದ್ದ ಲೋಳೆ ಉಬ್ಬಿ 200 ಮಿಲಿಲೀಟರ್ ನೊರೆಯಾಗಿದೆ ಎನ್ನೋಣ. ಅಂದರೆ 170 ಮಿಲಿಲೀಟರ್ ಗಾಳಿ ಒಳಗೆ ಹೋಗಿದೆ. ಗುಳ್ಳೆಯೊಂದರ ಅಡ್ಡಳತೆ ಮಿಲಿಮೀಟರಿನ ಹತ್ತನೇ ಒಂದು ಭಾಗ ಎಂದುಕೊಂಡರೆ ಗುಳ್ಳೆಗಳ ಸಂಖ್ಯೆ ಸುಮಾರು 32 ಕೋಟಿ. ಪ್ರತಿ ಗುಳ್ಳೆಗೂ ಒಂದು ಮೈ ಇದೆಯಲ್ಲ, ಗಾಳಿಗೂ ನೀರಿಗೂ ನಡುವಿನ ಆ ಮೈ? ಅವೆಲ್ಲವನ್ನೂ ಬಿಡಿಸಿ ಹಾಸಿದರೆ ಹತ್ತು ಚದರ ಮೀಟರ್, ಹೆಚ್ಚೂಕಡಿಮೆ ಹತ್ತಡಿಗೆ ಹನ್ನೊಂದಡಿಯ ಒಂದು ಕೋಣೆಯ ನೆಲ! ಒಂದು ಮೊಟ್ಟೆಯ ಬಿಳಿ, ಅಂಗೈಯಗಲದ ಬೋಗುಣಿ, ಅದರೊಳಗೆ ಮಡಚಿಟ್ಟ ಒಂದು ಕೋಣೆ.

ಇಷ್ಟು ವಿಸ್ತಾರವನ್ನು ನೀರು ತಾನಾಗಿ ಸಹಿಸುವುದಿಲ್ಲ. ಮೈಯನ್ನು ಆದಷ್ಟು ಕುಗ್ಗಿಸಿಕೊಳ್ಳುವುದು ನೀರಿನ ಸ್ವಭಾವ, ಅದಕ್ಕೇ ಬರೀ ನೀರನ್ನು ಎಷ್ಟು ಕಡೆದರೂ ಗುಳ್ಳೆ ಕ್ಷಣದಲ್ಲಿ ಒಡೆಯುತ್ತದೆ. ಮೊಟ್ಟೆಯ ಬಿಳಿಯಲ್ಲಿ ಆ ಮೈಯನ್ನು ಹಿಡಿದು ನಿಲ್ಲಿಸುವುದು ಪ್ರೋಟೀನ್. ಓವಾಲ್ಬುಮಿನ್, ಗ್ಲೋಬುಲಿನ್, ಓವೊಟ್ರಾನ್ಸ್‌ಫೆರಿನ್ ಮುಂತಾದವು ಅದರಲ್ಲಿವೆ. ಅರ್ಧಕ್ಕಿಂತ ಹೆಚ್ಚು ಪಾಲು ಓವಾಲ್ಬುಮಿನ್‌ದೇ. ಇವು ನೀರಿನಲ್ಲಿ ಉಣ್ಣೆಯ ಉಂಡೆಗಳ ಹಾಗೆ ಸುತ್ತಿಕೊಂಡು ಇರುತ್ತವೆ. ನೀರನ್ನು ಇಷ್ಟಪಡುವ ಭಾಗಗಳು ಹೊರಗೆ, ನೀರನ್ನು ಒಲ್ಲದ ಭಾಗಗಳು ಒಳಗೆ. ಬೀಟರ್ ಗಾಳಿಯನ್ನು ಒಳಗೆ ಎಳೆದ ಕ್ಷಣದಲ್ಲಿ ಈ ಉಂಡೆಗಳಿಗೆ ಒಂದು ಹೊಸ ಜಾಗ ಸಿಗುತ್ತದೆ, ಒಂದು ಮಗ್ಗುಲಲ್ಲಿ ನೀರು, ಇನ್ನೊಂದು ಮಗ್ಗುಲಲ್ಲಿ ಗಾಳಿ. ಒಳಗೆ ಅಡಗಿದ್ದ ನೀರೊಲ್ಲದ ಭಾಗ ಗಾಳಿಯ ಕಡೆ ಚಾಚುತ್ತದೆ, ಉಂಡೆ ಬಿಚ್ಚಿಕೊಳ್ಳುತ್ತದೆ. ಪಕ್ಕದಲ್ಲೂ ಹಾಗೇ ಬಿಚ್ಚಿಕೊಂಡ ಇನ್ನೊಂದು ಸಿಗುತ್ತದೆ, ಎರಡೂ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಹೀಗೆ ಒಂದೊಂದು ಗುಳ್ಳೆಯ ಸುತ್ತಲೂ ಒಂದು ಸಣ್ಣ ಚರ್ಮ ಕಟ್ಟುತ್ತದೆ. ನಡುವಿನ ನೀರು ಕೆಳಗಿಳಿದು ಹೋಗದ ಹಾಗೆ ಆ ಚರ್ಮ ತಡೆಯುತ್ತದೆ. ಮೊಟ್ಟೆಯನ್ನು ಬೇಯಿಸಿದಾಗ ಶಾಖದಿಂದ ಆಗುವ ಬದಲಾವಣೆಯ ಒಂದು ಪಾಲು ಇಲ್ಲಿ ತಣ್ಣಗೇ, ಬರೀ ಗಾಳಿಯ ಸೋಂಕಿನಿಂದ ಆಗಿಬಿಡುತ್ತದೆ! ಬಿಳಿ ಲೋಳೆ ಎಂಬುದು ಇಷ್ಟೆಲ್ಲ ಸಿದ್ಧತೆ ಮಾಡಿಕೊಂಡು ಚಿಪ್ಪಿನೊಳಗೆ ಸುಮ್ಮನೆ ಕೂತಿರುತ್ತದಲ್ಲ ಎಂದು ನನಗೆ ಪ್ರತಿಸಲವೂ ಸೋಜಿಗ.

ಈಗ ಅದೇ ಬೋಗುಣಿಗೆ, ಬೀಟರ್ ಹಾಕುವ ಮೊದಲು, ಒಂದೇ ಒಂದು ಹನಿ ಹಳದಿ ಬಿದ್ದಿದೆ ಎಂದುಕೊಳ್ಳಿ.

ಒಂದು ಹನಿ ಎಂದರೆ ಸುಮಾರು 50 ಮಿಲಿಗ್ರಾಂ. ಹಳದಿಯಲ್ಲಿ ಮೂರನೇ ಒಂದು ಪಾಲು ಕೊಬ್ಬು, ಹಾಗಾಗಿ ಹನಿಯಲ್ಲಿರುವ ಜಿಡ್ಡು 15 ಮಿಲಿಗ್ರಾಂನಷ್ಟು. 30 ಗ್ರಾಂ ಲೋಳೆಯಲ್ಲಿ ಅದು ಎರಡು ಸಾವಿರದಲ್ಲಿ ಒಂದು ಪಾಲು. ಇಷ್ಟು ಅಲ್ಪ ಏನು ಮಾಡೀತು ಎನಿಸುವುದು ಸಹಜ. ಆದರೆ ಜಿಡ್ಡನ್ನು ತೂಕದಲ್ಲಿ ಅಳೆದರೆ ಅದರ ಶಕ್ತಿ ತಿಳಿಯುವುದಿಲ್ಲ, ಹರಡುವ ವಿಸ್ತಾರದಲ್ಲಿ ಅಳೆಯಬೇಕು. ಬೆಂಜಮಿನ್ ಫ್ರಾಂಕ್ಲಿನ್ ಲಂಡನ್ನಿನ ಕ್ಲಾಪಮ್ ಎಂಬಲ್ಲಿ ಕೊಳದ ಮೇಲೆ ಒಂದು ಟೀ ಚಮಚಕ್ಕಿಂತ ಹೆಚ್ಚಿಲ್ಲದಷ್ಟು ಎಣ್ಣೆ ಸುರಿದು, ಅದು ಹರಡುತ್ತ ಹರಡುತ್ತ ಸುಮಾರು ಅರ್ಧ ಎಕರೆ ನೀರಿನ ಅಲೆಗಳನ್ನು ಅಡಗಿಸಿದ್ದನ್ನು ಕಂಡು ಬರೆದಿದ್ದಾನೆ. ಆ ಬರಹ 1774ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಎಣ್ಣೆ ನೀರಿನ ಮೈ ಮೇಲೆ ಒಂದು ಅಣುವಿನ ದಪ್ಪಕ್ಕೆ ಇಳಿಯುವವರೆಗೂ ಹರಡಬಲ್ಲದು. ಹಳದಿಯ ಕೊಬ್ಬಿನಲ್ಲಿರುವ ಲೆಸಿಥಿನ್ ಈ ಕೆಲಸದಲ್ಲಿ ಇನ್ನೂ ನಿಪುಣ. ನಮ್ಮ 15 ಮಿಲಿಗ್ರಾಂ ಹಾಗೆ ಪೂರ್ತಿ ಹರಡಿದರೆ ಮುಚ್ಚಬಹುದಾದ ಜಾಗ ಏಳು ಚದರ ಮೀಟರಿನಷ್ಟು! ಒಂದೇ ಹನಿಗೆ ಕೋಣೆಯ ನೆಲದ ಹೆಚ್ಚೂಕಡಿಮೆ ಮುಕ್ಕಾಲು ಪಾಲು. ಇದ್ದ ಕೊಬ್ಬೆಲ್ಲ ಹಾಗೆ ಹರಡಿಯೇಬಿಡುತ್ತದೆ ಎಂದಲ್ಲ. ಹರಡಬೇಕಾಗಿಯೂ ಇಲ್ಲ, ಅಲ್ಲಲ್ಲಿ ಹರಡಿದರೆ ಸಾಕು.

ಏಕೆಂದರೆ ಕೊಬ್ಬಿನ ಅಣುಗಳು ಚಿಕ್ಕವು, ಚುರುಕಾದವು. ಹೊಸದಾಗಿ ಹುಟ್ಟಿದ ಗುಳ್ಳೆಯ ಮೈಯನ್ನು ಪ್ರೋಟೀನ್ ತಲುಪಿ ಬಿಚ್ಚಿಕೊಳ್ಳುವಷ್ಟರಲ್ಲಿ ಇವು ಅಲ್ಲಿ ಜಾಗ ಹಿಡಿದಿರುತ್ತವೆ. ಹಿಡಿದರೂ ಪಕ್ಕದ ಅಣುವಿನೊಂದಿಗೆ ಬೆಸೆದುಕೊಳ್ಳುವುದಿಲ್ಲ, ಜಾರುತ್ತ ಓಡಾಡುತ್ತಿರುತ್ತವೆ. ಪ್ರೋಟೀನ್ ಚರ್ಮ ಕಟ್ಟಬೇಕಾದ ಕಡೆಯಲ್ಲೆಲ್ಲ ಹೀಗೆ ಸಡಿಲವಾದ ತೇಪೆಗಳು ಉಳಿಯುತ್ತವೆ. ಇನ್ನೂ ಒಂದು ಅಪಾಯವಿದೆ. ಎರಡು ಗುಳ್ಳೆಗಳ ನಡುವಿನ ನೀರಿನ ಗೋಡೆ ತೆಳುವಾಗುತ್ತ ಬಂದಾಗ ಅಲ್ಲಿ ಸಿಕ್ಕಿಕೊಂಡ ಒಂದು ಜಿಡ್ಡಿನ ಕಣ ಎರಡೂ ಬದಿಯನ್ನು ಒಟ್ಟಿಗೆ ಮುಟ್ಟುತ್ತದೆ, ಹರಡುತ್ತದೆ, ಗೋಡೆ ಅಲ್ಲೇ ಹರಿಯುತ್ತದೆ. ಎರಡು ಗುಳ್ಳೆ ಒಂದಾಗುತ್ತದೆ. ಅದು ಪಕ್ಕದ್ದನ್ನೂ ಸೇರಿಸಿಕೊಳ್ಳುತ್ತದೆ.

ಬೋಗುಣಿಯಲ್ಲಿ ಇದು ಹೇಗೆ ಕಾಣುತ್ತದೆ ಎಂಬುದನ್ನು ಬಲ್ಲವರು ಕೂಡಲೇ ಗುರುತಿಸುತ್ತಾರೆ. ನೊರೆ ಏಳುತ್ತದೆ, ಆದರೆ ದೊಡ್ಡ ಗುಳ್ಳೆಗಳ ಹಂತದಲ್ಲೇ ನಿಂತುಬಿಡುತ್ತದೆ. ಎಷ್ಟು ಹೊತ್ತು ಹೊಡೆದರೂ ಬೀಟರಿನ ಗೆರೆ ಮೂಡದು, ಮೂಡಿದರೂ ಕೂಡಲೇ ಮುಚ್ಚಿಕೊಳ್ಳುತ್ತದೆ, ತಳದಲ್ಲಿ ನೀರು ಕೂಡುತ್ತದೆ. ಅತಿಯಾಗಿ ಹೊಡೆದು ಕೆಟ್ಟ ನೊರೆ ಬೇರೆಯೇ ತರಹ. ಅದು ಒಮ್ಮೆ ಚೆನ್ನಾಗಿ ನಿಂತು, ಹೊಳಪು ಕಳೆದುಕೊಂಡು, ಹತ್ತಿಯ ಹಾಗೆ ಗಂಟುಗಂಟಾಗಿ ಆಮೇಲೆ ನೀರು ಬಿಡುತ್ತದೆ. ಅಲ್ಲಿ ಪ್ರೋಟೀನುಗಳು ಅತಿಯಾಗಿ ಬೆಸೆದುಕೊಂಡು ನೀರನ್ನು ಹಿಂಡಿ ಹೊರಹಾಕಿವೆ, ಇಲ್ಲಿ ಬೆಸೆಯಲು ಅವಕಾಶವೇ ಸಿಕ್ಕಿಲ್ಲ. ಎಂದೂ ಏಳದಿದ್ದರೆ ಜಿಡ್ಡು, ಎದ್ದು ಒಡೆದರೆ ಅತಿಹೊಡೆತ. ಒಂದು ಚೂರು ಜಿಡ್ಡಿಗೆ ನೊರೆ ಪೂರ್ತಿ ಸೋಲಲೇಬೇಕೆಂದೇನೂ ಇಲ್ಲ. ಬಲವಾದ ಯಂತ್ರವಿದ್ದು ನಾಲ್ಕು ಹನಿ ನಿಂಬೆರಸವೂ ಬಿದ್ದರೆ ನಿಧಾನವಾಗಿ, ಕಡಿಮೆ ಗಾತ್ರದಲ್ಲಿ ಎದ್ದೀತು. ಕೈಯಲ್ಲಿ ಕಡೆಯುವವರಿಗೆ ಮಾತ್ರ ಆ ಭಾಗ್ಯ ಇರುವುದು ಅಪರೂಪ.

ಹಾಗಾಗಿಯೇ ಮೊಟ್ಟೆಯನ್ನು ನೇರವಾಗಿ ದೊಡ್ಡ ಬೋಗುಣಿಗೆ ಒಡೆಯುವುದಿಲ್ಲ. ಒಂದೊಂದನ್ನೂ ಸಣ್ಣ ಬಟ್ಟಲಿಗೆ ಒಡೆದು, ಬಿಳಿ ಶುದ್ಧವಾಗಿದೆ ಎಂದು ನೋಡಿ ಆಮೇಲೆ ಸುರಿಯುತ್ತಾರೆ. ಫ್ರಿಜ್ಜಿನಿಂದ ತೆಗೆದ ತಣ್ಣನೆಯ ಮೊಟ್ಟೆಯಲ್ಲಿ ಹಳದಿ ಗಟ್ಟಿಯಾಗಿ ಕೂತಿರುತ್ತದೆ, ಬೇರೆ ಮಾಡಲು ಸುಲಭ. ಹಳೆಯ ಮೊಟ್ಟೆಯಲ್ಲಿ ಬಿಳಿಯ ನೀರು ದಿನದಿನಕ್ಕೆ ಹಳದಿಯೊಳಗೆ ಇಳಿದು ಅದರ ಪೊರೆ ಹಿಗ್ಗಿ ಸಡಿಲವಾಗಿರುತ್ತದೆ, ಒಡೆಯುವುದು ಅಲ್ಲೇ ಜಾಸ್ತಿ. ಪ್ಲಾಸ್ಟಿಕ್ ಬೋಗುಣಿ ಎಷ್ಟು ತೊಳೆದರೂ ಜಿಡ್ಡಿನ ಪಸೆ ಬಿಡುವುದಿಲ್ಲ. ಸ್ಟೀಲ್ ಅಥವಾ ಗಾಜು ಒಳ್ಳೆಯದು. ಹಳದಿಯ ಚುಕ್ಕೆ ಬಿದ್ದೇ ಬಿಟ್ಟರೆ, ಕಲಕುವ ಮೊದಲು, ಒಡೆದ ಚಿಪ್ಪಿನ ಅಂಚಿನಿಂದಲೇ ಎತ್ತಬೇಕು. ಆ ಚೂಪಾದ ಅಂಚು ಲೋಳೆಯನ್ನು ಕತ್ತರಿಸಿಕೊಂಡು ಹೋಗುತ್ತದೆ, ಚಮಚವಾದರೆ ಚುಕ್ಕೆಯನ್ನು ಮುಂದೆ ಮುಂದೆ ತಳ್ಳುತ್ತದೆ.

ಇಷ್ಟು ತಿಳಿದ ಮೇಲೆ ತೂತ್ತುಕುಡಿಯ ಮ್ಯಾಕರೂನ್ ನೋಡಿದರೆ ತಲೆ ಗಿರ್ರೆನ್ನುತ್ತದೆ! ತಮಿಳುನಾಡಿನ ಆ ಬಂದರು ಊರಿನ ಬೇಕರಿಗಳ ಹೆಸರಾದ ತಿನಿಸು ಅದು, ಬೆಳ್ಳನೆಯ ಪುಟ್ಟ ಮೊನೆಗಳು, ಬಾಯಲ್ಲಿಟ್ಟರೆ ಗರಿ ಎಂದು ಮುರಿದು ಕರಗುತ್ತವೆ. ಅದರಲ್ಲಿ ಇರುವುದು ಮೂರೇ ವಸ್ತು: ಮೊಟ್ಟೆಯ ಬಿಳಿ, ಸಕ್ಕರೆ, ಗೋಡಂಬಿ. ಗೋಡಂಬಿ! ನೂರು ಗ್ರಾಂ ಗೋಡಂಬಿಯಲ್ಲಿ 45 ಗ್ರಾಂನಷ್ಟು ಕೊಬ್ಬಿದೆ. ಮನೆಯಲ್ಲಿ ಮಾಡುವ ಅಳತೆಯಲ್ಲಿ ಎರಡು ಮೊಟ್ಟೆಯ ಬಿಳಿಗೆ 120 ಗ್ರಾಂ ಪುಡಿ ಸಕ್ಕರೆ, 120 ಗ್ರಾಂ ಗೋಡಂಬಿ ಪುಡಿ ಹಾಕಿದರೆ ಒಳಗೆ ಹೋಗುವ ಕೊಬ್ಬು 50 ಗ್ರಾಂ ದಾಟುತ್ತದೆ. ಒಂದು ಹನಿ ಹಳದಿಯ ಜಿಡ್ಡಿನ ಮೂರು ಸಾವಿರ ಪಟ್ಟಿಗೂ ಹೆಚ್ಚು! ಆದರೂ ನೊರೆ ನಿಲ್ಲುತ್ತದೆ.

ರಹಸ್ಯ ಇರುವುದು ಸರದಿಯಲ್ಲಿ. ಮೊದಲು ಬಿಳಿಯನ್ನೊಂದನ್ನೇ ಸಾಫ್ಟ್ ಪೀಕ್‌ವರೆಗೆ ಹೊಡೆಯುತ್ತಾರೆ, ಆಮೇಲೆ ಸಕ್ಕರೆಯನ್ನು ಚಮಚ ಚಮಚವಾಗಿ ಬಿಡುತ್ತ ಗಟ್ಟಿ ಮೊನೆ ನಿಲ್ಲುವ ತನಕ ಹೊಡೆಯುತ್ತಾರೆ. ಅಷ್ಟೊತ್ತಿಗೆ ಕೋಟಿ ಕೋಟಿ ಗುಳ್ಳೆಗಳ ಮೈಯೆಲ್ಲ ಪ್ರೋಟೀನಿನ ವಶವಾಗಿದೆ, ಚರ್ಮ ಬೆಸೆದಾಗಿದೆ. ನಡುವಿನ ನೀರು ಸಕ್ಕರೆ ಕರಗಿ ಪಾಕದಂತೆ ಮಂದವಾಗಿದೆ. ಆಮೇಲಷ್ಟೇ ಗೋಡಂಬಿ. ಈಗ ಬಂದ ಕೊಬ್ಬಿಗೆ ಕೂರಲು ಖಾಲಿ ಜಾಗವೇ ಇಲ್ಲ! ಗೋಡಂಬಿ ಪುಡಿಯ ಕೊಬ್ಬು ಬಹುಪಾಲು ಕಾಳಿನ ಜೀವಕೋಶಗಳೊಳಗೇ ಬಂದಿಯಾಗಿರುವುದೂ ಒಂದು ಉಪಕಾರ. ಮಿಕ್ಸಿಯನ್ನು ಬಿಡದೆ ಓಡಿಸಿ ಬಿಸಿಯೇರಿಸಿದರೆ ಕೋಶಗಳೊಡೆದು ಎಣ್ಣೆ ಹೊರಬಂದು ಪುಡಿ ಮುದ್ದೆಯಾಗುತ್ತದೆ, ಅದನ್ನು ಸೇರಿಸಿದ ನೊರೆ ಹರಡಿ ಚಪ್ಪಟೆಯಾಗುತ್ತದೆ. ಅದಕ್ಕೇ ನಿಲ್ಲಿಸಿ ನಿಲ್ಲಿಸಿ ಪುಡಿ ಮಾಡಿ, ಜರಡಿ ಹಿಡಿದು, ಅಗಲವಾದ ಸೌಟಿನಿಂದ ತಳದಿಂದ ಮೇಲಕ್ಕೆ ಮಗುಚುತ್ತ ಸೇರಿಸುವುದು, ಅದೂ ಆದಷ್ಟು ಕಡಿಮೆ ಸುತ್ತಿನಲ್ಲಿ. ಮೊನೆಗಳಾಗಿ ಬಿಟ್ಟು ಸುಮಾರು 100 ಡಿಗ್ರಿ ಓವನ್ನಿನಲ್ಲಿ ಒಂದೂವರೆ ಎರಡು ಗಂಟೆ ಒಣಗಿಸಿದರೆ, ತಣ್ಣಗೆ ಬಿಚ್ಚಿಕೊಂಡಿದ್ದ ಪ್ರೋಟೀನು ಈಗ ಶಾಖಕ್ಕೆ ಶಾಶ್ವತವಾಗಿ ಗಟ್ಟಿಯಾಗುತ್ತದೆ.

ಮನೆಯಲ್ಲೇ ಇದನ್ನು ಕಣ್ಣಾರೆ ನೋಡಬಹುದು. ಎರಡು ಬೋಗುಣಿ, ಒಂದೊಂದರಲ್ಲಿ ಒಂದೊಂದು ಮೊಟ್ಟೆಯ ಬಿಳಿ. ಮೊದಲನೆಯದಕ್ಕೆ ಒಂದು ಹನಿ ಹಳದಿ ಬಿಟ್ಟು ಆಮೇಲೆ ಹೊಡೆಯಿರಿ. ಬೀಟರನ್ನು ಚೆನ್ನಾಗಿ ತೊಳೆದು ಒರೆಸಿ, ಎರಡನೆಯದನ್ನು ಮೊದಲು ಗಟ್ಟಿಯಾಗಿ ಹೊಡೆದು ಅದೇ ಒಂದು ಹನಿಯನ್ನು ಸೌಟಿನಿಂದ ಮಗುಚಿ ಸೇರಿಸಿ. ಮೊದಲನೆಯದು ಸಡಿಲ ಬುರುಗಾಗಿ ಉಳಿದಿರುವಾಗ ಎರಡನೆಯದು ನಸುಹಳದಿ ಬಣ್ಣ ತಳೆದು ಹಾಗೇ ನಿಂತಿರುತ್ತದೆ. ಈಗ ಆ ಎರಡನೆಯ ಬೋಗುಣಿಗೇ ಬೀಟರ್ ಇಳಿಸಿ ಮತ್ತೆ ಓಡಿಸಿ. ಹಳೆಯ ಗುಳ್ಳೆಗಳು ಒಡೆದು ಹೊಸವು ಹುಟ್ಟುತ್ತವೆ, ಹೊಸ ಮೈ ತೆರೆಯುತ್ತದೆ, ಈ ಸಲ ಜಿಡ್ಡು ಪಕ್ಕದಲ್ಲೇ ಕಾದಿರುತ್ತದೆ. ಸ್ವಲ್ಪ ಹೊತ್ತಿನಲ್ಲಿ ಬೀಟರಿನ ಗೆರೆಗಳು ಒಂದೊಂದಾಗಿ ಮುಚ್ಚಿಕೊಳ್ಳತೊಡಗುತ್ತವೆ.