ಮೂರು ಇಡ್ಲಿಯ ಲೆಕ್ಕ

ಇಡ್ಲಿಯ ಪೋಷಕಾಂಶವನ್ನು ಎಣಿಕೆಯಿಂದಲ್ಲ, ತೂಕದಿಂದ ಅಳೆಯಬೇಕು. ತಲಾ 40 ಗ್ರಾಂನ ಮೂರು ಇಡ್ಲಿಗಳಲ್ಲಿ ಸುಮಾರು 30 ಗ್ರಾಂ ಪಿಷ್ಟ, 5 ಗ್ರಾಂ ಪ್ರೋಟೀನ್ ಇರುತ್ತವೆ, ಕೊಬ್ಬು ನಗಣ್ಯ. ಬೇಳೆ ದಂಡಿಯಾಗಿರುವ 150 ಗ್ರಾಂ ಸಾಂಬಾರ್ 12 ಗ್ರಾಂ ಪಿಷ್ಟ, 5 ಗ್ರಾಂ ಪ್ರೋಟೀನ್, 3 ಗ್ರಾಂ ಕೊಬ್ಬು ಸೇರಿಸುತ್ತದೆ. 30 ಗ್ರಾಂ ಕಾಯಿಚಟ್ನಿಯಿಂದ ಕ್ರಮವಾಗಿ 3, 1, 5 ಗ್ರಾಂ.

ಒಟ್ಟು 45 ಗ್ರಾಂ ಪಿಷ್ಟ, 11 ಗ್ರಾಂ ಪ್ರೋಟೀನ್, 8 ಗ್ರಾಂ ಕೊಬ್ಬು. ಪಿಷ್ಟ, ಪ್ರೋಟೀನ್‌ಗಳನ್ನು 4ರಿಂದ, ಕೊಬ್ಬನ್ನು 9ರಿಂದ ಗುಣಿಸಿದರೆ 180, 44, 72: ಒಟ್ಟು 296 ಕ್ಯಾಲೊರಿ. ಪಾಲು ಶೇ. 61, 15, 24. ಚಮಚದಷ್ಟು ಚಟ್ನಿಯೇ ಕೊಬ್ಬಿನ ದೊಡ್ಡ ಪಾಲು ಕೊಡುವುದು ಗಮನಾರ್ಹ.

ಬೆಂದ ಇಡ್ಲಿಯಲ್ಲಿ ಹೆಚ್ಚಿನಂಶ ನೀರೇ. ಅದರ ತೂಕಕ್ಕೆ ಒಣ ಅಕ್ಕಿಯ ಅಂಕಿ ಹಾಕಿದರೆ ಪಿಷ್ಟ ಮೂರು ಪಟ್ಟು ಹಿಗ್ಗುತ್ತದೆ. ಸಾಂಬಾರ್ ನೀರಾದಷ್ಟೂ ಪ್ರೋಟೀನ್ ಇಳಿಯುತ್ತದೆ.