ನವೆಂಬರ್ 1ರ ವೆಬಿನಾರ್: ಎಲ್ಲಿ ಎಷ್ಟು ಗಂಟೆಗೆ?

2026ರ ಕನ್ನಡ ರಾಜ್ಯೋತ್ಸವ ಭಾನುವಾರ ಬಂದಿದೆ. ಹೊರದೇಶದ ಕನ್ನಡಿಗರನ್ನೂ ಕೂಡಿಸಿಕೊಂಡು ವೆಬಿನಾರ್ ನಡೆಸಲು ಬೆಂಗಳೂರಿನ ಸಂಘವೊಂದು ಹೊರಟಿದೆ ಎನ್ನಿ. ರಜೆಯ ದಿನವೇನೋ ಹೌದು. ಆದರೆ ಅಂದು ನಸುಕಿನ 2 ಗಂಟೆಗೆ ಅಮೆರಿಕದ ಬಹುಪಾಲು ಊರುಗಳಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಸರಿಯುತ್ತದೆ. ಬ್ರಿಟನ್ನಿನಲ್ಲಿ ಇದೇ ಬದಲಾವಣೆ ಒಂದು ವಾರ ಮೊದಲು, ಅಕ್ಟೋಬರ್ 25ಕ್ಕೇ ಆಗಿರುತ್ತದೆ. ಭಾರತ, ದುಬೈ, ಸಿಂಗಪುರಗಳಲ್ಲಿ ಗಡಿಯಾರ ಮುಟ್ಟುವ ಪದ್ಧತಿಯೇ ಇಲ್ಲ.

ಸಂಘದವರು ಭಾರತದ ರಾತ್ರಿ 8:30 ಎಂದು ನಿಗದಿ ಮಾಡಿದರೆ ಕ್ಯಾಲಿಫೋರ್ನಿಯದಲ್ಲಿ ಬೆಳಿಗ್ಗೆ 7, ನ್ಯೂಜೆರ್ಸಿಯಲ್ಲಿ 10, ಲಂಡನ್ನಿನಲ್ಲಿ ಮಧ್ಯಾಹ್ನ 3, ದುಬೈಯಲ್ಲಿ ಸಂಜೆ 7 ಗಂಟೆ. ಸಿಡ್ನಿಯಲ್ಲಿ ಮಾತ್ರ ಸೋಮವಾರ ನಸುಕಿನ 2. ಬೆಳಿಗ್ಗೆ 8:30ಕ್ಕೆ ಇಟ್ಟರೆ ಸಿಡ್ನಿಯವರಿಗೆ ಅನುಕೂಲ, ಲಂಡನ್ನಿನವರಿಗೆ ನಡುರಾತ್ರಿ. ಎಲ್ಲರಿಗೂ ಹೊಂದುವ ಗಂಟೆ ಇಲ್ಲವೇ ಇಲ್ಲ. ಹೆಚ್ಚು ಜನ ಎಲ್ಲಿದ್ದಾರೋ ಅವರನ್ನು ನೋಡಿ ನಿರ್ಧರಿಸಿ, ಉಳಿದವರಿಗೆ ರೆಕಾರ್ಡಿಂಗ್ ಸಿಗುತ್ತದೆಂದು ಆಮಂತ್ರಣದಲ್ಲೇ ಹೇಳಿಬಿಡುವುದು ಮರ್ಯಾದೆ.

ಎಡವಟ್ಟು ಆಗುವುದು ತಾಲೀಮಿನಿಂದ. ಅಕ್ಟೋಬರ್ 25ರ ರಾತ್ರಿ 8:30ಕ್ಕೆ ತಾಲೀಮು ನಡೆದರೆ ನ್ಯೂಜೆರ್ಸಿಯ ಭಾಷಣಕಾರರು ತಮ್ಮ 11 ಗಂಟೆಗೆ ಸೇರಿರುತ್ತಾರೆ. ಅದನ್ನೇ ನೆನಪಿಟ್ಟು ಮುಂದಿನ ಭಾನುವಾರವೂ 11ಕ್ಕೆ ಬಂದರೆ ಅವರ ಮಾತಿನ ಸರದಿ ಮುಗಿದೇ ಹೋಗಿರುತ್ತದೆ. ಆದ್ದರಿಂದ ಸಮಯ ಲೆಕ್ಕ ಹಾಕುವಾಗ ಇವತ್ತಿನ ವ್ಯತ್ಯಾಸ ನೋಡಬಾರದು, ಕಾರ್ಯಕ್ರಮದ ದಿನಾಂಕವನ್ನೇ ಹಾಕಿ ನೋಡಬೇಕು.

ಇನ್ನು ಬರೆಯುವ ರೀತಿ. 01/11/2026 ಎಂದರೆ ಅಮೆರಿಕದಲ್ಲಿ ಬೆಳೆದ ಮಕ್ಕಳು ಜನವರಿ 11 ಎಂದು ಓದುತ್ತಾರೆ. `IST` ಎಂಬ ಮೂರಕ್ಷರವನ್ನು ಐರ್ಲೆಂಡ್, ಇಸ್ರೇಲ್‌ಗಳೂ ಬಳಸುತ್ತವೆ. ತಿಂಗಳು, ವಾರ, ಊರು ಮೂರನ್ನೂ ಬಿಡಿಸಿ ಬರೆದರೆ ಗೊಂದಲವಿಲ್ಲ. ಕನ್ನಡದಲ್ಲಿ ‘2026 ನವೆಂಬರ್ 1, ಭಾನುವಾರ, ರಾತ್ರಿ 8:30 (ಬೆಂಗಳೂರು ಸಮಯ)’ ಎಂದರೆ ಸಾಕು. ಅದರ ಕೆಳಗೇ ಇಂಗ್ಲಿಷ್ ಸಾಲು:

```
Sunday, 1 November 2026, 8:30 PM (Bengaluru time)
```

ಸಿಡ್ನಿಯವರಿಗೆ ‘ಭಾನುವಾರ ರಾತ್ರಿ 2’ ಎಂದು ಬರೆಯುವುದು ನಮ್ಮ ಆಡುಮಾತಿಗೆ ಸರಿಯೇ. ಆದರೆ ಅದನ್ನು ಇಂಗ್ಲಿಷಿಗೆ ಹಾಕುವವರು ಭಾನುವಾರವನ್ನು ಹಾಗೇ ಉಳಿಸಿಕೊಂಡರೆ ಇಡೀ ಒಂದು ದಿನ ತಪ್ಪುತ್ತದೆ. ‘ನವೆಂಬರ್ 2, ಸೋಮವಾರ, ನಸುಕಿನ 2’ ಎಂದೇ ಕನ್ನಡದಲ್ಲೂ ಇರಲಿ. ಎರಡೂ ಭಾಷೆಯಲ್ಲಿ ಊರುಗಳ ಸಾಲು ಒಂದೇ ಕ್ರಮದಲ್ಲಿದ್ದರೆ ಹೋಲಿಸಿ ತಿದ್ದುವುದು ಸುಲಭ.

ಜೊತೆಗೆ ಕ್ಯಾಲೆಂಡರ್ ಫೈಲೊಂದನ್ನು ಲಗತ್ತಿಸಿದರೆ ಫೋನು ತಾನೇ ಆಯಾ ಊರಿನ ಸಮಯ ತೋರಿಸುತ್ತದೆ. ಕಳುಹಿಸುವ ಮುನ್ನ ಲಂಡನ್ ಮತ್ತು ನ್ಯೂಜೆರ್ಸಿಯ ಒಬ್ಬೊಬ್ಬ ಪರಿಚಿತರಿಗೆ ಅದನ್ನು ತೆರೆದು, ಕಾಣುವ ಗಂಟೆಯನ್ನು ಓದಿ ಹೇಳುವಂತೆ ಕೇಳಿ. 3 ಮತ್ತು 10 ಎಂಬ ಉತ್ತರ ಬಂದ ಮೇಲೆಯೇ ಆಮಂತ್ರಣ ಎಲ್ಲರಿಗೂ ಹೋಗಲಿ.